ಅಂಗಡಿಯವರು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ

"ನಾನು ನನ್ನ ಭಾಷೆಯಲ್ಲಿ ನಮಸ್ಕಾರ ಹೇಳಿದ್ರೆ ಅಂಗಡಿಯವರು ಇನ್ನೊಂದು ಭಾಷೆಯಲ್ಲೇ ಮಾತು ಶುರು ಮಾಡ್ತಾರೆ. ಆ ಭಾಷೆ ನನಗೆ ಅಷ್ಟಕ್ಕಷ್ಟೆ. ಇನ್ನು ಮೇಲೆ ನಮಸ್ಕಾರವನ್ನೂ ಅವರ ಭಾಷೆಯಲ್ಲೇ ಹೇಳಿಬಿಡ್ಲಾ?"

ಈಗಲೇ ಬೇಡ. ಅವರ ಎರಡನೇ ಮಾತು ಬರುವವರೆಗೆ ಕಾಯಿರಿ.

ಮೊದಲ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆಯಿಂದ ನೂರು ಜನರಿಗೆ ಒಂದೇ ಮಾತು ಹೇಳಿದವರ ಬಾಯಲ್ಲಿ ಅದು ತಾನಾಗಿಯೇ ಬರುತ್ತದೆ. ನೀವು ಯಾವ ಭಾಷೆಯಲ್ಲಿ ಕರೆದಿರಿ ಅನ್ನುವುದು ಅವರ ಕಿವಿಗೆ ಬಿದ್ದೇ ಇರುವುದಿಲ್ಲ. ಅಥವಾ ನಿಮ್ಮ ಭಾಷೆ ಅವರಿಗೆ ನಿಜವಾಗಿಯೂ ಬಾರದೇ ಇರಬಹುದು. ಈ ಎರಡೂ ಸಂದರ್ಭದಲ್ಲಿ ನಿಮಗೆ ಕೇಳಿಸುವುದು ಒಂದೇ ಉತ್ತರ. ಅದನ್ನೇ ನಂಬಿ ಭಾಷೆ ಬದಲಿಸಿದರೆ, ಬರುವ ಭಾಷೆಯಲ್ಲಿ ಆಗುತ್ತಿದ್ದ ಕೆಲಸವನ್ನು ಬಾರದ ಭಾಷೆಯಲ್ಲಿ ಮಾಡಬೇಕಾಗುತ್ತದೆ.

ಅದಕ್ಕೇ ನಾನು ಎರಡನೇ ಮಾತನ್ನೂ ನನ್ನ ಭಾಷೆಯಲ್ಲೇ ಆಡುತ್ತೇನೆ. ಚಿಕ್ಕದಾಗಿ, ಬೇಕಾದ ವಸ್ತುವನ್ನು ಕೈಯಲ್ಲಿ ತೋರಿಸಿಕೊಂಡು. ಆಗ ಮೂರರಲ್ಲಿ ಒಂದು ಆಗುತ್ತದೆ. ಅವರು ನನ್ನ ಭಾಷೆಗೆ ಬರುತ್ತಾರೆ: ಮೊದಲಿನದು ಬರೀ ಅಭ್ಯಾಸ ಅಂತ ಅರ್ಥ. ಅಥವಾ ತಮ್ಮ ಭಾಷೆಯಲ್ಲೇ ಮುಂದುವರಿಯುತ್ತಾರೆ, ಆದರೆ ಉತ್ತರ ನಾನು ಕೇಳಿದ್ದಕ್ಕೆ ಸರಿಯಾಗಿ ಕೂಡುತ್ತದೆ: ನನ್ನ ಮಾತು ಅವರಿಗೆ ತಿಳಿಯುತ್ತದೆ, ಆಡಲು ಮಾತ್ರ ಕಷ್ಟ. ಇಲ್ಲವೇ ಉತ್ತರಕ್ಕೂ ನನ್ನ ಪ್ರಶ್ನೆಗೂ ಸಂಬಂಧವೇ ಇರುವುದಿಲ್ಲ, ಅವರ ಕಣ್ಣು ನನ್ನ ಮುಖ ಬಿಟ್ಟು ಕೈಯಲ್ಲಿರುವ ವಸ್ತುವಿನ ಮೇಲೆ ಇರುತ್ತದೆ. ಭಾಷೆ ಬದಲಿಸಬೇಕಾದದ್ದು ಇಲ್ಲಿ ಮಾತ್ರ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅಲ್ಲೇ ಹೆಚ್ಚು ಜನ ಸುಮ್ನೆ ಒದ್ದಾಡುತ್ತಾರೆ. ಅವರು ಅವರ ಭಾಷೆ ಆಡಲಿ, ನೀವು ನಿಮ್ಮದು ಆಡಿ. ಇದರಲ್ಲಿ ಅಗೌರವ ಏನೂ ಇಲ್ಲ. ಆಡುವುದಕ್ಕಿಂತ ಅರ್ಥ ಮಾಡಿಕೊಳ್ಳುವುದು ಸಾಮಾನ್ಯವಾಗಿ ಸುಲಭ. ಇಬ್ಬರೂ ಸುಲಭದ ಕಡೆಯೇ ಇದ್ದರೆ ವ್ಯಾಪಾರ ಸಲೀಸಾಗಿ ನಡೆಯುತ್ತದೆ. ಎರಡೆರಡು ಭಾಷೆಯಲ್ಲಿ ಒಂದೇ ಮಾತುಕತೆ ನಡೆಸುವ ಜನ ಎಷ್ಟೋ ಬಹುಭಾಷಾ ನಗರಗಳಲ್ಲಿ ಇದ್ದಾರೆ, ನಾವು ಗಮನಿಸಿರುವುದಿಲ್ಲ ಅಷ್ಟೆ.

ನಮಸ್ಕಾರವನ್ನೇ ಬದಲಿಸುವುದು ಯಾಕೆ ಬೇಡ ಅನ್ನುತ್ತೇನೆ? ನಮಸ್ಕಾರ ಒಂದು ಪ್ರಶ್ನೆಯೂ ಹೌದು: ಯಾವ ಭಾಷೆಯಲ್ಲಿ ಮಾತಾಡೋಣ ಅಂತ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಎಷ್ಟೋ ಅಂಗಡಿಗಳಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಜೋಡಿಸಿ "ಬೋಂಜೂರ್-ಹಾಯ್" ಅನ್ನುತ್ತಾರೆ. ಗಿರಾಕಿ ಯಾವುದರಲ್ಲಿ ಉತ್ತರಿಸುತ್ತಾನೋ ಮುಂದಿನ ಮಾತೆಲ್ಲ ಅದರಲ್ಲೇ. ಈ ಎರಡು ಪದಗಳಲ್ಲಿ ಎಷ್ಟು ತೂಕ ಇದೆ ಅಂದರೆ, 2017ರ ನವೆಂಬರ್‌ನಲ್ಲಿ ಆ ನಗರ ಇರುವ ಕ್ವಿಬೆಕ್ ಪ್ರಾಂತ್ಯದ ಶಾಸನಸಭೆ ಬರೀ "ಬೋಂಜೂರ್" ಅನ್ನಿ ಎಂದು ವ್ಯಾಪಾರಿಗಳನ್ನು ಕೇಳಿಕೊಳ್ಳುವ ನಿರ್ಣಯವನ್ನೇ ಒಮ್ಮತದಿಂದ ಅಂಗೀಕರಿಸಿತು. ಅದು ಕಾನೂನಲ್ಲ, ಮನವಿ ಅಷ್ಟೆ. ಗಿರಾಕಿಯೇ ಮೊದಲು ಮಾತಾಡುವ ಕಡೆ ಆ ಪ್ರಶ್ನೆ ಕೇಳುವವರು ನಾವು. ಅರ್ಧ ಬರುವ ಭಾಷೆಯಲ್ಲಿ ಚೆಂದವಾಗಿ ನಮಸ್ಕಾರ ಹೇಳಿದರೆ, ಪೂರ್ತಿ ಬರುತ್ತದೆ ಎಂದು ಹೇಳಿಕೊಂಡ ಹಾಗೆ. ಉತ್ತರ ಪೂರ್ತಿ ವೇಗದಲ್ಲೇ ಬರುತ್ತದೆ.

ನನಗೆ ಇದು ಒಂದು ಕನ್ನಡಕದ ಅಂಗಡಿಯಲ್ಲಿ ಆಯಿತು. ಕಿವಿಗೆ ಸಿಗಿಸುವ ಕಡ್ಡಿ ಸಡಿಲವಾಗಿ ಜೋತಾಡುತ್ತಿತ್ತು. ನಮಸ್ಕಾರವನ್ನು ಅಂಗಡಿಯವರ ಭಾಷೆಯಲ್ಲೇ, ಅವರದೇ ಧಾಟಿಯಲ್ಲಿ ಹೇಳಿದೆ. ಅವರು ಖುಷಿಯಿಂದ ಏನೋ ಉದ್ದಕ್ಕೆ ಕೇಳಿದರು. ಅದರಲ್ಲಿ ನನಗೆ ಸಿಕ್ಕಿದ್ದು "ಹೊಸದು" ಅನ್ನುವ ಒಂದೇ ಪದ. ಹೊಸ ಸ್ಕ್ರೂ ಇರಬೇಕು ಅಂದುಕೊಂಡು ತಲೆ ಆಡಿಸಿದೆ. ಅವರು ಕಡ್ಡಿಯನ್ನೇ ತೆಗೆದು ಬೇರೆ ಕಡ್ಡಿ ಹಾಕಿದರು. ಅವರ ತಪ್ಪಿಲ್ಲ. ಸ್ಕ್ರೂ ಮಾತ್ರ ಹಾಕಲೋ, ಕಡ್ಡಿಯನ್ನೇ ಬದಲಿಸಲೋ ಎಂದು ಅವರು ಕೇಳಿದ್ದರು. ನಾನು ಹೌದು ಅಂದಿದ್ದೆ.

ಅವತ್ತಿನಿಂದ "ಇದೋ ಅದೋ" ಎಂಬ ಪ್ರಶ್ನೆಗೆ ತಲೆ ಆಡಿಸುವುದನ್ನು ಬಿಟ್ಟಿದ್ದೇನೆ. "ಹೌದು" ಅನ್ನುವುದು ಅದಕ್ಕೆ ಉತ್ತರವೇ ಅಲ್ಲ. ಹೌದು ಅಂದ ಮೇಲೂ ಅವರು ಒಂದು ಕ್ಷಣ ಕಾಯುತ್ತಾ ನಿಮ್ಮ ಮುಖ ನೋಡಿದರೆ, ಅವರು ಕೇಳಿದ್ದು ಅಂಥದ್ದೇ ಪ್ರಶ್ನೆ ಅಂತ ತಿಳಿಯಿರಿ. ತಪ್ಪು ತಿದ್ದಿಕೊಳ್ಳಲು ಸಿಗುವುದು ಆ ಒಂದು ಕ್ಷಣ.

ಎಡವುವ ಇನ್ನೊಂದು ಜಾಗ ಅಂಕಿಗಳು. ಹಿಂದಿಯನ್ನು ಮೇಲೆ ಮೇಲೆ ಕಲಿತವರಿಗೆ ಇದು ಚೆನ್ನಾಗಿ ಗೊತ್ತು. "ಉನ್‌ಸಠ್" ಅಂದಾಗ ಕಿವಿಗೆ ಬೀಳುವುದು ಕೊನೆಯ "ಸಠ್". ಅರವತ್ತರ ಮೇಲಿನದು ಯಾವುದೋ ಅಂದುಕೊಳ್ಳುತ್ತೇವೆ. ಆದರೆ ಅದು 59, ಅರವತ್ತಕ್ಕೆ ಒಂದು ಕಮ್ಮಿ. "ಉನ್‌ಹತ್ತರ್" 69. ಡಚ್ ಭಾಷೆಯಲ್ಲಿ 54 ಅನ್ನುವುದನ್ನು "ನಾಲ್ಕು ಮತ್ತು ಐವತ್ತು" ಎಂದು ಹೇಳುತ್ತಾರೆ. ಕೇಳಿದ ಹಾಗೇ ಬರೆದುಕೊಳ್ಳುವವರು ಅದನ್ನು 45 ಮಾಡುತ್ತಾರೆ. ಹಾಗಾಗಿ ಅಂಕಿ ಬಂದ ಕೂಡಲೇ ನಾನು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ. ಯಾರೂ ತಪ್ಪು ತಿಳಿಯುವುದಿಲ್ಲ, ಬೇಕಾದರೆ ತಾವೇ ತಿದ್ದಿ ಕೊಡುತ್ತಾರೆ.

ಹಾಗಾದರೆ ಅವರ ಭಾಷೆ ಆಡಲೇ ಬಾರದಾ ಅಂತ ಕೇಳಬಹುದು. ಖಂಡಿತ ಆಡಿ. ಆದರೆ ನಿಮ್ಮ ಕಷ್ಟ ಅವರಿಗೆ ಕೇಳಿಸಲಿ. 1973ರಲ್ಲಿ ಮನೋವಿಜ್ಞಾನಿ ಹೊವರ್ಡ್ ಜೈಲ್ಸ್ ಮತ್ತು ಜೊತೆಯವರು ಪ್ರಕಟಿಸಿದ ಅಧ್ಯಯನವೊಂದಿದೆ, ಕೆನಡಾದ ಇಂಗ್ಲಿಷ್ ಮತ್ತು ಫ್ರೆಂಚ್ ಮಾತಿನವರ ಬಗ್ಗೆ. ಎದುರಿನವರು ತಮ್ಮ ಭಾಷೆ ಆಡಲು ಪ್ರಯತ್ನಪಡುತ್ತಿದ್ದಾರೆ ಅನ್ನಿಸಿದಾಗ ಕೇಳುವವರಿಗೆ ಅವರ ಮೇಲೆ ಒಳ್ಳೆಯ ಭಾವನೆ ಬಂತು, ತಿರುಗಿ ತಾವೂ ಅಷ್ಟೇ ಪ್ರಯತ್ನಪಟ್ಟರು. ಅಂಗಡಿಯಲ್ಲೂ ನಾನು ಕಂಡಿರುವುದು ಇದನ್ನೇ. ತಡವರಿಸಿದರೆ ಎದುರಿನವರು ನಿಧಾನವಾಗುತ್ತಾರೆ, ಸುಲಭದ ಪದ ಹುಡುಕುತ್ತಾರೆ, ಕೈಯಲ್ಲಿ ತೋರಿಸುತ್ತಾರೆ. ತಡವರಿಸದೆ ಬಾಯಿಪಾಠ ಒಪ್ಪಿಸಿದರೆ ಆ ಸಹಾಯ ಸಿಗುವುದಿಲ್ಲ.

ನಮಸ್ಕಾರ ಬದಲಿಸಲು ನಾನು ಇಟ್ಟುಕೊಂಡಿರುವ ಅಳತೆ ಇಷ್ಟೆ. ಆ ಭಾಷೆಯಲ್ಲಿ ನೂರರ ತನಕ ಅಂಕಿ ಕಿವಿಗೆ ಸಿಗಬೇಕು. "ಅದು ಬೇಡ, ಇದು ಮಾತ್ರ" ಅನ್ನಲು ಬರಬೇಕು. "ಇನ್ನೊಮ್ಮೆ ನಿಧಾನವಾಗಿ ಹೇಳಿ" ಅನ್ನಲು ಬರಬೇಕು. ಮೂರೂ ಬರುತ್ತದಾ? ಅವರ ಭಾಷೆಯಲ್ಲೇ ಒಳಗೆ ಹೋಗಿ. ಔಷಧಿ ಅಂಗಡಿಗೆ ಮಾತ್ರ ಈ ಅಳತೆ ಸಾಲದು. ದಿನಕ್ಕೆ ಎಷ್ಟು ಗುಳಿಗೆ, ಊಟಕ್ಕೆ ಮೊದಲೋ ಆಮೇಲೋ ಅನ್ನುವುದನ್ನು ನಿಮಗೆ ಪೂರ್ತಿ ಬರುವ ಭಾಷೆಯಲ್ಲೇ ಕೇಳಿ, ಇಲ್ಲವಾದರೆ ಬರೆಸಿಕೊಳ್ಳಿ.

ಕನ್ನಡಕದ ಅಂಗಡಿಗೆ ಆಮೇಲೆ ಮತ್ತೆ ಹೋಗಿದ್ದೆ, ಈ ಸಲ ಇನ್ನೊಂದು ಕಡ್ಡಿ ಸಡಿಲ. ನನ್ನ ಭಾಷೆಯಲ್ಲಿ ನಮಸ್ಕಾರ ಹೇಳಿದೆ, ಅವರು ಅವರ ಭಾಷೆಯಲ್ಲಿ ಉತ್ತರಿಸಿದರು. "ಸ್ಕ್ರೂ ಮಾತ್ರ" ಅಂದೆ, ಅವರ ಭಾಷೆಯಲ್ಲಿ, ತಡೆದು ತಡೆದು. ಅವರು ಡಬ್ಬಿಯಿಂದ ಒಂದು ಸ್ಕ್ರೂ ತೆಗೆದು, ಎರಡು ಬೆರಳ ನಡುವೆ ಹಿಡಿದು ನನ್ನ ಮುಖದ ಹತ್ತಿರ ತಂದರು. ಅದರ ಹೆಸರನ್ನು ಎರಡು ಸಲ, ಬಿಡಿಸಿ ಬಿಡಿಸಿ ಹೇಳಿದರು.