ಬಿ2 ಬರವಣಿಗೆಯಲ್ಲಿ ನಪಾಸಾದವರು ಮತ್ತೆ ಬ್ಯಾಚ್ ಸೇರಬೇಕೇ?

ಜರ್ಮನಿಯ ಆಸ್ಪತ್ರೆಗಳಿಗೆ ಹೋಗಲು ಸಿದ್ಧರಾಗುತ್ತಿರುವ ನರ್ಸ್‌ಗಳಿಗೆ ಬೆಂಗಳೂರಿನಲ್ಲಿ ಜರ್ಮನ್ ಕಲಿಸುವುದು ನನ್ನ ವೃತ್ತಿ. ಅಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತದ ಪ್ರಮಾಣಪತ್ರ ಬೇಕಾಗುತ್ತದೆ. ಗೊಯ್ಟೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿವೆ. ಪ್ರತಿ ಭಾಗಕ್ಕೂ 100 ಅಂಕ, ಉತ್ತೀರ್ಣರಾಗಲು 60 ಸಾಕು. ಒಂದು ಭಾಗದಲ್ಲಿ ನಪಾಸಾದವರು ಆ ಒಂದನ್ನೇ ಮತ್ತೆ ಬರೆಯಬಹುದು. ಕಲಿಯುವ ದಾರಿಯನ್ನು ಆರಿಸುವಾಗ ಈ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಖಾಸಗಿ ಆಸ್ಪತ್ರೆಯೊಂದರಲ್ಲಿ ಪಾಳಿ ಡ್ಯೂಟಿ ಮಾಡುವ ನರ್ಸ್ ಒಬ್ಬರು ಅಂಕಪಟ್ಟಿ ಹಿಡಿದುಕೊಂಡು ಬಂದು, "ಮೇಡಂ, ಬಿ2 ಬ್ಯಾಚ್‌ಗೆ ಮೊದಲಿಂದ ಸೇರಿಬಿಡ್ಲಾ?" ಎಂದು ಕೇಳಿದರು. ಓದಿನಲ್ಲಿ 78, ಆಲಿಸುವುದರಲ್ಲಿ 71, ಮಾತಿನಲ್ಲಿ 66 ಬಂದಿದ್ದವು. ಬರವಣಿಗೆಯಲ್ಲಿ ಮಾತ್ರ 48. ಬ್ಯಾಚ್ ಸೇರಿದರೆ ಮುಗಿಸಿದ್ದನ್ನೇ ಮತ್ತೆ ಓದಬೇಕಾಗುತ್ತಿತ್ತು, ನೈಟ್ ಡ್ಯೂಟಿಯ ವಾರಗಳಲ್ಲಿ ತರಗತಿಯೂ ತಪ್ಪುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಹದಿನೈದು ಜನರ ತರಗತಿಯಲ್ಲಿ ಒಬ್ಬೊಬ್ಬರ ಬರಹವನ್ನೂ ಸಾಲು ಸಾಲಾಗಿ ನೋಡುವಷ್ಟು ಸಮಯ ಶಿಕ್ಷಕರಿಗೆ ಸಿಗುವುದಿಲ್ಲ.

ಇಂಥ ಸಂದರ್ಭದಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ನೀವು ಮಾಡಿದ್ದು ತಪ್ಪು ಎಂದು ನಿಮಗೆ ತಿಳಿಸುವವರು ಯಾರು? ಓದು ಮತ್ತು ಆಲಿಸುವಿಕೆಗೆ ಮಾದರಿ ಪತ್ರಿಕೆಗಳು ಉತ್ತರ ಸಹಿತ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಬಿಡಿಸಿ ಅಂಕ ಹಾಕಿಕೊಳ್ಳಬಹುದಾದ್ದರಿಂದ ಅಲ್ಲಿ ಸ್ವಂತ ಓದೇ ಸಾಕು, ಹಣ ಕೊಟ್ಟು ಪಾಠ ಹೇಳಿಸಿಕೊಳ್ಳುವುದು ವ್ಯರ್ಥ. ಮಾತಿನ ಪರೀಕ್ಷೆ ಸಾಮಾನ್ಯವಾಗಿ ಇಬ್ಬರಿಬ್ಬರಿಗೆ ನಡೆಯುತ್ತದೆ, ಅದರಲ್ಲಿ ಎದುರಿನವರೊಡನೆ ವಾದ ಮಾಡಬೇಕಾಗುತ್ತದೆ. ಬೇರೆ ಬೇರೆ ಜನರ ಜೊತೆ ಮಾತಾಡಿಸುವ ಬ್ಯಾಚ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಬರವಣಿಗೆಯ ವಿಷಯ ಹಾಗಲ್ಲ. 75 ನಿಮಿಷಗಳಲ್ಲಿ ಸುಮಾರು 150 ಪದಗಳ ಒಂದು ಅಭಿಪ್ರಾಯ ಬರಹವನ್ನೂ 100 ಪದಗಳ ಒಂದು ಔಪಚಾರಿಕ ಸಂದೇಶವನ್ನೂ ಬರೆಯಬೇಕು, ಅದಕ್ಕೆ ಸಿದ್ಧ ಉತ್ತರವೆಂಬುದಿಲ್ಲ.

ಒಬ್ಬರಿಗೇ ಹೇಳಿಕೊಡುವ ಟ್ಯೂಷನ್ ನಿಜವಾಗಿಯೂ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಆ ನರ್ಸ್‌ಗೆ ಒಂದು ಪರೀಕ್ಷೆ ಹೇಳಿದೆ. ತಾವು ಬರೆದ ಒಂದು ಬರಹವನ್ನು ಎತ್ತಿಟ್ಟು ವಾರದ ನಂತರ ತೆಗೆದು, ತಪ್ಪು ಅನ್ನಿಸಿದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಕು. ಅವರು ಎಳೆದು ತಂದ ಗೆರೆಗಳೆಲ್ಲ ಕಾಗುಣಿತದ ತಪ್ಪುಗಳ ಕೆಳಗಿದ್ದವು. "ಇಂದು ನಾನು ಕೆಲಸ ಮಾಡುತ್ತೇನೆ" ಎನ್ನಲು "ಹೊಯ್ಟೆ ಇಶ್ ಆರ್‌ಬೈಟೆ" ಎಂದು ಬರೆದಿದ್ದರ ಕೆಳಗೆ ಗೆರೆಯೇ ಇರಲಿಲ್ಲ. ವಾಕ್ಯ ಕಾಲಸೂಚಕದಿಂದ ಆರಂಭವಾದರೂ ಕ್ರಿಯಾಪದ ಎರಡನೆಯ ಸ್ಥಾನದಲ್ಲೇ ಇರಬೇಕು: "ಹೊಯ್ಟೆ ಆರ್‌ಬೈಟೆ ಇಶ್". ಮೇಲಧಿಕಾರಿಗೆ ಬರೆದ ಸಂದೇಶದಲ್ಲಿ ಗೌರವದ "ಝೀ" ನಡುವೆ ಸಲುಗೆಯ "ಡು" ನುಸುಳಿದ್ದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮ ತಪ್ಪು ತಮಗೇ ಕಾಣುವವರಿಗೆ ಅಭ್ಯಾಸ ಸಾಕು. ಕಾಣದವರು ಇನ್ನಷ್ಟು ಬರೆದರೆ ತಪ್ಪೇ ಗಟ್ಟಿಯಾಗುತ್ತದೆ. ಆ ನರ್ಸ್‌ಗೆ ಬೇಕಾಗಿದ್ದದ್ದು ಟ್ಯೂಷನ್, ಅದೂ ಬರವಣಿಗೆಗೆ ಮಾತ್ರ.

ಆದರೆ ಟ್ಯೂಷನ್ ಕೂಡ ಕೆಡುವ ಒಂದು ಬಗೆಯಿದೆ, ಇದನ್ನು ನಾನು ಒತ್ತಿ ಹೇಳಬೇಕು. ಅನೇಕ ಶಿಕ್ಷಕರು ವಿದ್ಯಾರ್ಥಿಯ ಪತ್ರವನ್ನು ತಾವೇ ಸೊಗಸಾಗಿ ತಿದ್ದಿ ಬರೆದುಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ವಿಷಯ ಬದಲಾದ ಕೂಡಲೇ ಹಳೆಯ ತಪ್ಪುಗಳು ಮರಳುತ್ತವೆ. ಡೆಮೊ ತರಗತಿಗೆ ಹೋಗುವಾಗ ನಿಮ್ಮದೇ ಒಂದು ಬರಹ ಕೊಂಡೊಯ್ಯಿರಿ. ತಪ್ಪಿರುವ ಜಾಗಕ್ಕೆ ಗುರುತು ಹಾಕಿ, ನಿಮ್ಮಿಂದಲೇ ತಿದ್ದಿಸುವವರು ಸಿಕ್ಕರೆ ಅವರ ಬಳಿ ಸೇರಿ.

ಆ ನರ್ಸ್‌ಗೆ ನಾವು ಮಾಡಿದ ಏರ್ಪಾಡು ಸರಳವಾಗಿತ್ತು. ವಾರಕ್ಕೆ ಎರಡು ಬರಹಗಳನ್ನು ಡ್ಯೂಟಿ ನೋಡಿಕೊಂಡು ಬರೆದು ಮುಂಚಿತವಾಗಿ ಫೋಟೊ ಕಳಿಸಬೇಕು. ಒಂದು ಗಂಟೆಯ ಪಾಠದಲ್ಲಿ ಹೊಸ ವ್ಯಾಕರಣ ಹೇಳದೆ ಆ ತಪ್ಪುಗಳನ್ನಷ್ಟೇ ನೋಡಬೇಕು. ಪ್ರತಿ ತಪ್ಪನ್ನೂ ಅದರ ಬಗೆಯ ಪ್ರಕಾರ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕ್ರಿಯಾಪದದ ಸ್ಥಾನದ ತಪ್ಪು ಸತತ ಮೂರು ಬರಹಗಳಲ್ಲಿ ಕಾಣದಿದ್ದಾಗ ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆವು. ಮುಖ್ಯ ಬಗೆಗಳೆಲ್ಲ ಹೀಗೆ ಮಾಯವಾದ ಮೇಲೆ ಪಾಠ ನಿಲ್ಲಿಸಿ, ಕೊನೆಯ ವಾರಗಳಲ್ಲಿ ಒಬ್ಬರೇ ಗಡಿಯಾರ ಇಟ್ಟುಕೊಂಡು ಬರೆಯಲು ಹೇಳಿದೆ. ಮರುಪರೀಕ್ಷೆಯಲ್ಲಿ ಅವರಿಗೆ 69 ಬಂತು.

ಕಲಿಕೆಯ ಮೊದಲ ಹಂತವಾದ ಎ1ರಲ್ಲಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಎಲ್ಲವೂ ಒಟ್ಟಿಗೆ ಹೊಸದಾಗಿರುವುದರಿಂದ, ಪಾಳಿ ಅಡ್ಡಬಾರದಿದ್ದರೆ ಬ್ಯಾಚ್‌ಗೇ ಸೇರಿ ಎನ್ನುತ್ತೇನೆ.