ಡೀಲರ್ ಮೀಟ್ ಭಾಷಣ

ಶಿರಸಿಯಲ್ಲಿ ನಮ್ಮ ಅಡಿಕೆ ಸುಲಿಯುವ ಯಂತ್ರದ ಡೀಲರುಗಳ ಸಭೆ ಇದೆ. ಇವತ್ತು ಭಾಷಣ ಬರೀತಾ ಕೂತಿದ್ದೇನೆ.

ಮೊದಲು ಧನ್ಯವಾದ. ಸುಮ್ನೆ "ನಿಮ್ಮ ಸಹಕಾರಕ್ಕೆ" ಅಂದರೆ ಯಾರಿಗೂ ತಟ್ಟುವುದಿಲ್ಲ. ಸುಲಿಗೆ ಜೋರಾಗಿದ್ದಾಗ ಬೆಲ್ಟ್ ತುಂಡಾಯ್ತು ಅಂತ ಫೋನ್ ಬಂದ ಕೂಡಲೇ, ರಾತ್ರಿಯೇ ಯಲ್ಲಾಪುರದ ತೋಟಕ್ಕೆ ಹೋಗಿ ಹಾಕಿಕೊಟ್ಟವರನ್ನು ಹೆಸರು ಹಿಡಿದು ನೆನೆಯುತ್ತೇನೆ.

ಆಮೇಲೆ ಡೀಲರುಗಳ ಮಾರ್ಜಿನ್ ಬದಲಾಗುವ ವಿಷಯ. ಇದನ್ನು ಊಟದ ಹೊತ್ತಿಗೆ ತಳ್ಳಬಾರದು, ನಡುವೆಯೇ ನೇರವಾಗಿ ಹೇಳಬೇಕು. ಇಲ್ಲಿಯವರೆಗೆ ಬಿಲ್ಲಿನಲ್ಲೇ ಶೇ. 12 ಕಳೆಯುತ್ತಿದ್ದೆವು. ಇನ್ನು ಬಿಲ್ಲಿನಲ್ಲಿ ಶೇ. 9, ಉಳಿದ 3 ಸಮಯಕ್ಕೆ ಹಣ ಕಟ್ಟಿದವರಿಗೆ ಕ್ರೆಡಿಟ್ ನೋಟಿನಲ್ಲಿ. 1 ಲಕ್ಷದ ಯಂತ್ರಕ್ಕೆ ಮೊದಲು 12,000 ಕೈಗೆ ಸಿಗುತ್ತಿತ್ತು. ಈಗ 9,000 ಖಾತ್ರಿ, ಬಾಕಿ 3,000 ಗಡುವಿನ ಮೇಲೆ ನಿಂತಿದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೇ ತೋರಿಸುತ್ತೇನೆ.

ಗಡುವು 30 ದಿನ ಅಂತ ಇಟ್ಟಿದ್ದೆವು. ರೈತ ಅಡಿಕೆ ಮಾರಿದ ಮೇಲೆ ತಾನೇ ಡೀಲರಿಗೆ ದುಡ್ಡು ಕೊಡುವುದು? ಹಾಗಾಗಿ ಕೊಯ್ಲಿನ ತಿಂಗಳುಗಳಿಗೆ 60 ದಿನ ಮಾಡಿದೆವು. ಈಗಾಗಲೇ ಬುಕ್ ಆದ ಆರ್ಡರಿಗೆ ಹಳೆಯ ಮಾರ್ಜಿನ್ನೇ. ಈ ಸಾಲನ್ನು ಎರಡು ಸಲ ಓದುತ್ತೇನೆ, ಜಗಳ ಜಾಸ್ತಿ ಹುಟ್ಟುವುದು ಅಲ್ಲೇ ಅಲ್ವಾ. ಸಹಿ ಹಾಕಿದ ಪತ್ರ ಅಂದೇ ಎಲ್ಲರ ಕೈಗೂ ಹೋಗುತ್ತದೆ.