ಪ್ರೋನಿ ಬ್ರೇಕ್ ಟೆಸ್ಟ್: ದಕ್ಷತೆ 122% ಬಂದಾಗ ಎಲ್ಲಿ ನೋಡಬೇಕು

ಮೋಟರ್ ಟೆಸ್ಟಿಂಗ್ ನನ್ನ ಕೆಲಸ. ಶಾಫ್ಟಿಗೆ ಬ್ರೇಕ್ ಹಾಕಿ ಮೋಟರಿನ ಟಾರ್ಕ್ ಅಳೆಯುವ ಸಾಧನವೇ ಪ್ರೋನಿ ಬ್ರೇಕ್. ಪ್ರೋನಿ ಬ್ರೇಕ್ ಟೆಸ್ಟಿನ ಶೀಟ್ ಕೈಗೆ ಬಂದರೆ ನಾನು ಮೊದಲು ನೋಡುವುದು ಫುಲ್ ಲೋಡ್ ಸಾಲನ್ನಲ್ಲ, ಕಡಿಮೆ ಲೋಡಿನ ಸಾಲನ್ನು. ತಪ್ಪಿದ್ದರೆ ಅಲ್ಲೇ ಎದ್ದು ಕಾಣುತ್ತದೆ.

ಇತ್ತೀಚೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ 2.2 ಕಿಲೋವ್ಯಾಟ್‌ನ ಮೂರು ಫೇಸ್ ಮೋಟರಿನ ಶೀಟ್ ತಂದ. ಫುಲ್ ಲೋಡಿನಲ್ಲಿ ದಕ್ಷತೆ 95.6%, ಕಾಲು ಲೋಡಿನಲ್ಲಿ 122%. "ಸರ್, ಲೆಕ್ಕ ಮೂರು ಸಲ ಮಾಡಿದೆ, ಸರಿಯಾಗೇ ಇದೆ" ಅಂದ. ಲೆಕ್ಕ ನಿಜಕ್ಕೂ ಸರಿಯಾಗಿತ್ತು. ಕಳೆಯಬೇಕಾದ ಒಂದು ತೂಕ ಮಾತ್ರ ಅದರಲ್ಲಿ ಇರಲಿಲ್ಲ.

ನಮ್ಮ ಬ್ರೇಕ್ ತೀರಾ ಸರಳ. ಶಾಫ್ಟಿಗೆ ಒಂದು ಡ್ರಮ್, ಅದನ್ನು ಎರಡು ಕಡೆಯಿಂದ ಹಿಡಿಯುವ ಮರದ ಬ್ಲಾಕ್‌ಗಳು, ಬಿಗಿ ಮಾಡಲು ನಟ್‌ಗಳು, ಬ್ಲಾಕಿನಿಂದ ಹೊರಟ ಒಂದು ಉದ್ದನೆಯ ತೋಳು. ತೋಳಿನ ತುದಿ ತೂಕದ ಯಂತ್ರದ ಮೇಲೆ ಕೂತಿರುತ್ತದೆ. ಡ್ರಮ್ ತಿರುಗುವಾಗ ತೋಳನ್ನೂ ಜೊತೆಗೆ ಎಳೆಯಲು ನೋಡುತ್ತದೆ, ಯಂತ್ರ ತಡೆಯುತ್ತದೆ. ಮರಕ್ಕೂ ಡ್ರಮ್ಮಿಗೂ ನಡುವೆ ಎಷ್ಟು ಘರ್ಷಣೆ ಇದೆ ಅಂತ ತಿಳಿಯುವ ಅಗತ್ಯವೇ ಇಲ್ಲ. ತುದಿಯಲ್ಲಿ ಬೀಳುವ ಬಲ, ಶಾಫ್ಟಿನ ನಡುವಿನಿಂದ ಆ ತುದಿಗೆ ಇರುವ ಅಡ್ಡ ದೂರ, ಇವೆರಡು ಸಿಕ್ಕರೆ ಟಾರ್ಕ್ ಸಿಕ್ಕಿತು.

ಆದರೆ ಆ ತೋಳಿಗೂ ಭಾರ ಇದೆ ಅಲ್ವಾ? ಮೋಟರ್ ನಿಂತಿದ್ದರೂ ಯಂತ್ರ ಏನೋ ಒಂದು ತೂಕ ತೋರಿಸುತ್ತದೆ. ಅದೇ ಟೇರ್ ತೂಕ. ಸುಮ್ನೆ ನಟ್ ಸಡಿಲ ಮಾಡಿ ಓದಿದರೆ ಅದು ಸರಿಯಾಗಿ ಸಿಗುವುದಿಲ್ಲ. ಸಡಿಲವಾದ ಬ್ಲಾಕ್ ಕೂಡ ಡ್ರಮ್ಮಿಗೆ ಸ್ವಲ್ಪ ಅಂಟಿಕೊಂಡೇ ಇರುತ್ತದೆ. ನಾವು ಪವರ್ ಬಂದ್ ಮಾಡಿ, ಶಾಫ್ಟನ್ನು ಕೈಯಲ್ಲಿ ನಿಧಾನವಾಗಿ ಮೊದಲು ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ ತಿರುಗಿಸುತ್ತೇವೆ. ಈ ಮೋಟರಿನಲ್ಲಿ ಒಂದು ಕಡೆ 0.70 ಕೆಜಿ, ಇನ್ನೊಂದು ಕಡೆ 0.54 ಕೆಜಿ ಬಂತು. ಘರ್ಷಣೆ ಒಮ್ಮೆ ಕೂಡಿತು, ಒಮ್ಮೆ ಕಳೆಯಿತು. ಸರಾಸರಿ 0.62 ಕೆಜಿ, ಅದೇ ನಿಜವಾದ ಟೇರ್.

ಈಗ ಫುಲ್ ಲೋಡಿನ ಸಾಲು. ಯಂತ್ರದಲ್ಲಿ 4.36 ಕೆಜಿ, ತೋಳು 0.4 ಮೀಟರ್, ವೇಗ 1430 ಆರ್‌ಪಿಎಂ, ಒಳಗೆ ಹೋದ ಪವರ್ 2680 ವ್ಯಾಟ್.

```
T = (4.36 - 0.62) × 9.81 × 0.4 = 14.68 N·m
P = 2π × 1430 × 14.68 / 60 ≈ 2198 W
η = 2198 / 2680 = 82 %
```

ಕಾಲು ಲೋಡಿನಲ್ಲಿ ಯಂತ್ರ 1.52 ಕೆಜಿ ತೋರಿಸಿತ್ತು, ವೇಗ 1480. ಟೇರ್ ಕಳೆದರೆ ಉಳಿಯುವುದು 0.90 ಕೆಜಿ, ಅಂದರೆ ಶಾಫ್ಟಿನಲ್ಲಿ ಸುಮಾರು 547 ವ್ಯಾಟ್. ಒಳಗೆ ಹೋಗಿದ್ದು 760 ವ್ಯಾಟ್. ದಕ್ಷತೆ 72%. ಅದೇ 0.62 ಕೆಜಿ ಎರಡೂ ಸಾಲಿನಲ್ಲಿ ಸೇರಿಕೊಂಡಿತ್ತು, ಆದರೆ ಕಡಿಮೆ ಲೋಡಿನಲ್ಲಿ ಅದರ ಪಾಲು ಜಾಸ್ತಿ. ಫುಲ್ ಲೋಡ್ ಸಾಲು ಒಂದನ್ನೇ ನೋಡಿದ್ದರೆ 95.6% ಅಂತ ಓದಿ "ಒಳ್ಳೆ ಮೋಟರ್" ಅಂದುಬಿಡಬಹುದಿತ್ತು.

ಇನ್ನೊಂದು ತಪ್ಪು ಇಷ್ಟು ಗದ್ದಲ ಮಾಡುವುದಿಲ್ಲ. ನನಗೆ ಅದರ ಭಯವೇ ಹೆಚ್ಚು. ಎರಡು ವಾಟ್‌ಮೀಟರ್ ಹಾಕಿ ಅಳೆಯುವಾಗ, ಪವರ್ ಫ್ಯಾಕ್ಟರ್ 0.5ಕ್ಕಿಂತ ಕೆಳಗಿಳಿದರೆ ಒಂದರ ಮುಳ್ಳು ಹಿಂದಕ್ಕೆ ಹೋಗುತ್ತದೆ. ವೈರ್ ಅದಲು ಬದಲು ಮಾಡಿ ಓದುತ್ತೇವೆ, ಆದರೆ ಆ ರೀಡಿಂಗನ್ನು ಕಳೆಯಬೇಕು. ಈ ಕಾಲು ಲೋಡಿನಲ್ಲಿ ಒಂದು ಮೀಟರ್ 815, ಇನ್ನೊಂದು ಮೈನಸ್ 55. ಕೂಡಿಬಿಟ್ಟರೆ 870 ಆಗುತ್ತದೆ, ದಕ್ಷತೆ 63% ಬರುತ್ತದೆ. 63 ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಆ ಮೀಟರಿನ ಕಾಲಂ ಅನ್ನು ಮೇಲಿನಿಂದ ಕೆಳಗೆ ಓದಿ. ಲೋಡ್ ಇಳಿದಂತೆ ಅಂಕಿ ಸೊನ್ನೆಯ ಹತ್ತಿರ ಹೋಗಿ ಮತ್ತೆ ಏರಿದ್ದರೆ, ಅಲ್ಲಿಂದ ಮುಂದೆ ಮೈನಸ್ ಚಿಹ್ನೆ ಬೇಕು.

ಶಾಫ್ಟಿನಿಂದ ಬಂದ ಪವರ್ ಎಲ್ಲಾ ಡ್ರಮ್ಮಿನಲ್ಲಿ ಬಿಸಿಯಾಗಿ ಮುಗಿಯುತ್ತದೆ. ಇಲ್ಲಿ 2.2 ಕಿಲೋವ್ಯಾಟ್ ಅಂದರೆ ನೀರು ಕಾಯಿಸುವ ಹೀಟರ್ ಇದ್ದ ಹಾಗೆ. ಡ್ರಮ್ಮಿನ ಒಳಗಿನ ಕಾಲುವೆಗೆ ನೀರು ಹಾಕುತ್ತಾ ಇರಬೇಕು, ಬ್ಲಾಕ್ ಹಿಡಿಯುವ ಮೈಗೆ ಹನಿಯೂ ತಾಗಬಾರದು. ತಾಗಿದರೆ ಹಿಡಿತ ಏರುಪೇರಾಗಿ ಯಂತ್ರದ ಅಂಕಿ ಕುಣಿಯುತ್ತದೆ. ತೂಕ, ವೇಗ, ವಾಟ್‌ಮೀಟರ್ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಓದಬೇಕು ಅನ್ನುವುದು ಇದಕ್ಕೇ. ಒಬ್ಬನೇ ಓಡಾಡಿ ಓದಿದ ಶೀಟನ್ನು ನಾನು ನಂಬುವುದಿಲ್ಲ. ಬ್ರೇಕ್ ತಟ್ಟನೆ ಕಚ್ಚಿಕೊಂಡರೆ ತೋಳು ಬೀಸದಂತೆ ಎರಡೂ ಕಡೆ ತಡೆ ಇರಲೇಬೇಕು. ಮೋಟರ್ ಚಾಲೂ ಮಾಡುವಾಗ ನಟ್ ಸಡಿಲ ಇರಬೇಕು.

ಈ ಬ್ರೇಕಿನಿಂದ ಏನು ಹೇಳಲಾಗದು ಅನ್ನುವುದೂ ಗೊತ್ತಿರಲಿ. ನಮ್ಮ ಯಂತ್ರದಲ್ಲಿ 20 ಗ್ರಾಂ ಆಚೀಚೆ ಆದರೆ ಫುಲ್ ಲೋಡಿನಲ್ಲಿ ಅರ್ಧ ಪರ್ಸೆಂಟ್, ಕಾಲು ಲೋಡಿನಲ್ಲಿ ಎರಡು ಪರ್ಸೆಂಟಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಇದೇ ಅಳತೆಯ 4 ಪೋಲ್ ಮೋಟರಿಗೆ ಐಇ2 ಅನ್ನುವ ದಕ್ಷತೆಯ ದರ್ಜೆಯಲ್ಲಿ 84.3%, ಐಇ3ಯಲ್ಲಿ 86.7% ಬೇಕು. ನಡುವೆ ಇರುವುದು 2.4 ಅಷ್ಟೇ. ಟೇರ್, ತೋಳಿನ ಅಳತೆ, ಮೀಟರ್ ಎಲ್ಲದರ ತಪ್ಪು ಸೇರಿದರೆ ಆ ಅಂತರ ಮುಚ್ಚಿಹೋಗುತ್ತದೆ. ಆದ್ದರಿಂದ ಮೋಟರ್ ಯಾವ ದರ್ಜೆ ಅಂತ ಯಾರಾದರೂ ಕೇಳಿದರೆ, ಪ್ರೋನಿ ಬ್ರೇಕಿನ ಶೀಟ್ ನೋಡಿ ನಾನು ಉತ್ತರ ಕೊಡುವುದಿಲ್ಲ, ಟಾರ್ಕನ್ನು ಇನ್ನೂ ನಿಖರವಾಗಿ ಅಳೆಯುವ ಡೈನಮೋಮೀಟರ್ ಇರುವ ಕಡೆ ಕಳಿಸುತ್ತೇನೆ.